ಬಜೆಟ್ ಬೇಡಿಕೆಗಳು ಹೊತ್ತಿಗೆ ಸರಿಯಾಗಿ ಬರಬೇಕಾದರೆ ಸುತ್ತೋಲೆ ಹೇಗಿರಬೇಕು?

ಪ್ರಶ್ನೆ: ನಾನು 14 ವಿಭಾಗಗಳಿರುವ ಸಂಸ್ಥೆಯ ಹಣಕಾಸು ವಿಭಾಗದಲ್ಲಿ ಬಜೆಟ್ ಕೆಲಸ ನೋಡಿಕೊಳ್ಳುತ್ತೇನೆ. ಜೊತೆಗೆ ಒಬ್ಬ ಸಹಾಯಕರಿದ್ದಾರೆ. ನಮ್ಮ ಆರ್ಥಿಕ ವರ್ಷ ಜುಲೈ 1ಕ್ಕೆ ಶುರು, ಆಡಳಿತ ಮಂಡಳಿ ಸಭೆ ಜೂನ್ 16ಕ್ಕೆ. ಹೋದ ವರ್ಷ 22 ಪುಟದ ಸೂಚನೆ ಕಳಿಸಿ, ಆರು ವಾರ ಸಮಯ ಕೊಟ್ಟೆ. ಕೊನೆಯ ದಿನಕ್ಕೆ ಬಂದದ್ದು ಐದೇ ವಿಭಾಗಗಳ ಬೇಡಿಕೆ. ಅದರಲ್ಲೂ ಮೂರು ಅರ್ಧಂಬರ್ಧ. ಈ ವರ್ಷ ಗಡುವನ್ನು ಎರಡು ವಾರ ಮುಂಚೆಯೇ ಇಟ್ಟುಬಿಡಲಾ? ಸೂಚನೆಯನ್ನು ಹೇಗೆ ಬರೆದರೆ ಓದುತ್ತಾರೆ?

ಉತ್ತರ: ಗಡುವಿನ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ಮೊದಲು ಒಂದು ಸಣ್ಣ ಕೆಲಸ ಮಾಡಿ. ತಡ ಮಾಡಿದ ಒಂಬತ್ತು ಮುಖ್ಯಸ್ಥರಿಗೂ ಫೋನ್ ಮಾಡಿ, ಒಂದೇ ಪ್ರಶ್ನೆ ಕೇಳಿ: "ಹೋದ ವರ್ಷ ಫಾರ್ಮ್ ತುಂಬುವಾಗ ನೀವು ಯಾವುದಕ್ಕೆ ಕಾಯುತ್ತಿದ್ದಿರಿ?" ಯಾಕೆ ತಡವಾಯಿತು ಅಂತ ಕೇಳಬೇಡಿ. ಹಾಗೆ ಕೇಳಿದರೆ ಕೆಲಸದ ಒತ್ತಡ ಅನ್ನುತ್ತಾರೆ, ಇಲ್ಲವೇ ಕ್ಷಮೆ ಕೇಳುತ್ತಾರೆ. ಎರಡರಿಂದಲೂ ನಿಮಗೆ ಏನೂ ತಿಳಿಯುವುದಿಲ್ಲ.

ನಾನು ಹೀಗೆ ಮೊದಲ ಸಲ ಕೇಳಿದಾಗ ಬಂದ ಉತ್ತರಗಳು ಇವತ್ತಿಗೂ ನೆನಪಿವೆ. ಒಬ್ಬರು ಮಾನವ ಸಂಪನ್ಮೂಲ ವಿಭಾಗದಿಂದ ಸಂಬಳದ ಅಂಕಿ ಬರಲಿ ಅಂತ ಕಾದಿದ್ದರು. ಇಬ್ಬರು ಹೊಸ ಸಾಫ್ಟ್‌ವೇರ್‌ಗೆ ಎಷ್ಟಾಗುತ್ತದೆ ಅಂತ ಐಟಿ ವಿಭಾಗದವರನ್ನು ಕೇಳಿ ಸುಮ್ಮನೆ ಕೂತಿದ್ದರು. ಐಟಿಯವರಿಗೆ ಅಂಥ ಹತ್ತು ಪ್ರಶ್ನೆಗಳು ಒಂದೇ ವಾರದಲ್ಲಿ, ಅದೂ ಕೊನೆಯ ವಾರದಲ್ಲಿ ಬಂದಿದ್ದವು. ಇನ್ನೊಬ್ಬರಿಗೆ ಹೊಸ ಹುದ್ದೆ ಕೇಳಬಹುದೋ ಬೇಡವೋ ಎಂಬುದೇ ಗೊತ್ತಿರಲಿಲ್ಲ. ಯಾರೂ ಸೋಮಾರಿತನದಿಂದ ತಡ ಮಾಡಿರಲಿಲ್ಲ. ಬೇರೆಯವರು ಕೊಡಬೇಕಾದ ಒಂದು ಅಂಕಿ, ಒಂದು ನಿರ್ಧಾರ ಅವರ ಕೈಗೆ ಬಂದಿರಲಿಲ್ಲ, ಅಷ್ಟೇ.

ಅದಕ್ಕೇ ಗಡುವನ್ನು ಎರಡು ವಾರ ಮುಂಚೆ ಇಟ್ಟರೆ ಉಪಯೋಗವಿಲ್ಲ ಅನ್ನುವುದು. ಐಟಿಯವರ ಉತ್ತರ ಏಪ್ರಿಲ್ ಕೊನೆಗೆ ಬರುವುದಾದರೆ, ನಿಮ್ಮ ಗಡುವು ಏಪ್ರಿಲ್ 7 ಇದ್ದರೂ ಬೇಡಿಕೆ ಬರುವುದು ಏಪ್ರಿಲ್ ಕೊನೆಗೇ. ಜಾಸ್ತಿ ಸಮಯ ಕೊಡುವುದೂ ಹಾಗೆಯೇ. ಆರು ವಾರವನ್ನು ಎಂಟು ಮಾಡಿದರೆ ಮೊದಲ ಐದು ವಾರ ಫೈಲ್ ತೆರೆಯುವುದೇ ಇಲ್ಲ. ಒಂದೇ ಒಂದು ಗಡುವು ದೂರದಲ್ಲಿ ಕಾಣುತ್ತಿದ್ದರೆ ಯಾರಾದರೂ ಹಾಗೆಯೇ ಮಾಡುತ್ತಾರೆ, ಅಲ್ವಾ?

ಇನ್ನೊಂದು ಅಭ್ಯಾಸವೂ ಕೆಲವು ಕಡೆ ಇದೆ. ನಿಜವಾದ ಗಡುವು 21 ಇದ್ದರೆ, ಸುತ್ತೋಲೆಯಲ್ಲಿ 14 ಅಂತ ಬರೆಯುವುದು. ಮೊದಲ ವರ್ಷ ಇದು ನಡೆಯುತ್ತದೆ. ಎರಡನೇ ವರ್ಷಕ್ಕೆ ಎಲ್ಲರಿಗೂ ಗೊತ್ತಾಗಿರುತ್ತದೆ, ಈ ತಾರೀಖಿನ ಹಿಂದೆ ಇನ್ನೊಂದು ತಾರೀಖು ಇದೆ ಅಂತ. ಆಮೇಲೆ ನೀವು ಬರೆದ ಯಾವ ತಾರೀಖನ್ನೂ ನಂಬುವುದಿಲ್ಲ. ಅದನ್ನು ಮಾಡಲೇಬೇಡಿ.

ಈಗ ವೇಳಾಪಟ್ಟಿಗೆ ಬರೋಣ. ಇದನ್ನು ಸಭೆಯ ದಿನದಿಂದ ಹಿಂದಕ್ಕೆ ಎಣಿಸಿ ಬರೆಯಬೇಕು. ಸುತ್ತೋಲೆ ಹೊರಡುವ ದಿನದಿಂದ ಮುಂದಕ್ಕೆ ಎಣಿಸಿದರೆ, ಕೊನೆಗೆ ಉಳಿಯುವ ನಾಲ್ಕು ದಿನದಲ್ಲಿ ನಿಮ್ಮ ಕೆಲಸ ಮುಗಿಸಬೇಕಾಗುತ್ತದೆ. ನಿಮ್ಮ ಲೆಕ್ಕವನ್ನೇ ತೆಗೆದುಕೊಳ್ಳುತ್ತೇನೆ. ಜೂನ್ 16 ಮಂಗಳವಾರ ಬರುತ್ತದೆ ಅಂತ ಇಟ್ಟುಕೊಳ್ಳಿ.

ಮಂಡಳಿಯ ಸದಸ್ಯರಿಗೆ ಓದಲು ಒಂದು ವಾರ ಬೇಕು. ಹಾಗಾದರೆ ಕಾಗದಪತ್ರ ಜೂನ್ 9ಕ್ಕೆ ಅವರ ಕೈಯಲ್ಲಿರಬೇಕು. ಕೊನೆಯ ಕರಡು ತಯಾರಿಸಿ, ಅಂಕಿಗಳನ್ನು ತಾಳೆ ನೋಡಿ, ಮುದ್ರಿಸಲು ಒಂದು ವಾರ. ಅದು ಜೂನ್ 2ರಿಂದ. ಅದಕ್ಕೂ ಮುಂಚೆ ಸಂಸ್ಥೆಯ ಮುಖ್ಯಸ್ಥರು ಯಾವ ಬೇಡಿಕೆಗೆ ಹೂಂ, ಯಾವುದಕ್ಕೆ ಇಲ್ಲ ಅಂತ ತೀರ್ಮಾನಿಸಬೇಕು. ಇದು ಒಂದೇ ಸಲ ಕೂತು ಮುಗಿಸುವ ಕೆಲಸ ಅಲ್ಲ. ಮೊದಲ ಸಲ ಕೂತಾಗ ಪ್ರಶ್ನೆಗಳು ಏಳುತ್ತವೆ, ಉತ್ತರ ತಂದು ಮತ್ತೆ ಕೂರಬೇಕು. ಎರಡು ವಾರ ಇಡಿ. ಮೇ 19ರಿಂದ ಜೂನ್ 2ರವರೆಗೆ ಅದಕ್ಕೆ.

ಅದರ ಹಿಂದಿನ ವಾರ ವಿಭಾಗಗಳ ಜೊತೆ ಚರ್ಚೆ. ದಿನಕ್ಕೆ ಮೂರಕ್ಕಿಂತ ಹೆಚ್ಚು ವಿಭಾಗಗಳ ಜೊತೆ ಸರಿಯಾಗಿ ಮಾತಾಡಲು ಆಗುವುದಿಲ್ಲ. ನಾಲ್ಕನೆಯವರು ಬರುವ ಹೊತ್ತಿಗೆ ಎದುರು ಕೂತವರಿಗೆ ಸಾಕಾಗಿರುತ್ತದೆ. 14 ವಿಭಾಗಕ್ಕೆ ಐದು ದಿನ. ಮೇ 12ರಿಂದ 19.

ಇನ್ನು ನಿಮ್ಮ ಪರಿಶೀಲನೆ. ಒಂದು ವಿಭಾಗದ ಬೇಡಿಕೆಯನ್ನು ಸಾಲು ಸಾಲಾಗಿ ನೋಡಲು ಅರ್ಧ ದಿನ ಅಂತ ಇಟ್ಟರೂ, 14ಕ್ಕೆ ಏಳು ದಿನದ ಕೆಲಸ. ಇಬ್ಬರಿದ್ದರೆ ನಾಲ್ಕು ದಿನ. ತಪ್ಪಿದ್ದವು ವಾಪಸ್ ಹೋಗಿ ತಿದ್ದಿ ಬರಬೇಕು, ಮತ್ತೆ ನೋಡಬೇಕು. ಎಲ್ಲ ಸೇರಿ ಎರಡು ವಾರ. ಇದರ ಮೇಲೆ ಒಂದು ವಾರವನ್ನು ಖಾಲಿಯಾಗಿ ಇಡಿ. ಪರಿಶೀಲನೆ ಮತ್ತು ಚರ್ಚೆಯ ನಡುವೆ, ಮೇ 5ರಿಂದ 12ರವರೆಗೆ. ಇದನ್ನು ಮುಚ್ಚಿಡಬೇಕಿಲ್ಲ. ವೇಳಾಪಟ್ಟಿಯಲ್ಲೇ "ಬಾಕಿ ತಿದ್ದುಪಡಿಗಳಿಗೆ ಕಾದಿಟ್ಟ ವಾರ" ಅಂತ ಬರೆಯಿರಿ. ಯಾರಿಗಾದರೂ ಹೆಚ್ಚು ಸಮಯ ಕೊಡಬೇಕಾದರೆ ಇದರಿಂದಲೇ ಕೊಡುತ್ತೀರಿ.

ಹೀಗೆ ಎಣಿಸುತ್ತಾ ಬಂದರೆ ಪೂರ್ತಿ ಬೇಡಿಕೆ ನಿಮ್ಮ ಕೈ ಸೇರಬೇಕಾದ ದಿನ ಏಪ್ರಿಲ್ 21. ಸಭೆಗೆ ಎಂಟು ವಾರ ಮುಂಚೆ. ಇದು ನಾನು ಊಹಿಸಿದ ತಾರೀಖು ಅಲ್ಲ, ಕೆಲಸದ ಲೆಕ್ಕ ಹೇಳಿದ ತಾರೀಖು. ಯಾರಾದರೂ "ಇಷ್ಟು ಮುಂಚೆ ಯಾಕೆ?" ಅಂತ ಕೇಳಿದರೆ ಈ ಲೆಕ್ಕವನ್ನೇ ತೋರಿಸಿ. ಕಾರಣ ಕಣ್ಣಿಗೆ ಕಂಡರೆ ತಕರಾರು ಕಡಿಮೆಯಾಗುತ್ತದೆ.

ನೀವು ಹೋದ ವರ್ಷ ಕೊಟ್ಟ ಆರು ವಾರ ಸಾಕು. ಅದನ್ನು ಉದ್ದ ಮಾಡುವುದು ಬೇಡ, ಮೂರು ತುಂಡು ಮಾಡಿ. ಮಾರ್ಚ್ 10ಕ್ಕೆ ಸುತ್ತೋಲೆ ಹೊರಡಲಿ. ಎರಡು ವಾರ ಬಿಟ್ಟು, ಮಾರ್ಚ್ 24ಕ್ಕೆ ಮೊದಲ ಗಡುವು. ಅವತ್ತು ಕೇಳುವುದು ಒಂದೇ ಪುಟ: ಹೊಸ ಹುದ್ದೆ ಬೇಕಾ, ಹೊಸ ಕಂಪ್ಯೂಟರ್ ವ್ಯವಸ್ಥೆ ಬೇಕಾ, ಕಟ್ಟಡದ ಕೆಲಸ ಏನಾದರೂ ಇದೆಯಾ. ಮೊತ್ತ ಬೇಡ. ಏನು ಬೇಕು, ಯಾಕೆ ಬೇಕು, ಯಾವಾಗಿನಿಂದ ಬೇಕು, ಅಷ್ಟು ಸಾಕು. ಆ ಪುಟ ನೇರವಾಗಿ ಮಾನವ ಸಂಪನ್ಮೂಲ, ಐಟಿ ಮತ್ತು ಕಟ್ಟಡ ನಿರ್ವಹಣೆಯವರಿಗೆ ಹೋಗುತ್ತದೆ. ಅವರಿಗೂ ಒಂದು ಗಡುವು ಇದೆ, ಏಪ್ರಿಲ್ 7. ಅವತ್ತಿಗೆ ಅವರು ಅಂದಾಜು ಮೊತ್ತ ಬರೆದು ವಾಪಸ್ ಕೊಡಬೇಕು. ಆಮೇಲೆ ವಿಭಾಗದ ಮುಖ್ಯಸ್ಥರಿಗೆ ಪೂರ್ತಿ ಬೇಡಿಕೆ ಸಿದ್ಧ ಮಾಡಲು ಇನ್ನೂ ಎರಡು ವಾರ ಉಳಿಯುತ್ತದೆ.

ಈ ಏಪ್ರಿಲ್ 7 ಬಹಳ ಮುಖ್ಯ. ನಾನು ನೋಡಿದ ವೇಳಾಪಟ್ಟಿಗಳಲ್ಲಿ ಹೆಚ್ಚಿನವು ಬೇಡಿಕೆ ಕಳಿಸುವವರಿಗೆ ಮಾತ್ರ ಗಡುವು ಹಾಕುತ್ತವೆ. ಅವರಿಗೆ ಮಾಹಿತಿ ಕೊಡಬೇಕಾದವರಿಗೆ ಹಾಕುವುದೇ ಇಲ್ಲ. ಹಣಕಾಸು ವಿಭಾಗಕ್ಕಂತೂ ಹಾಕುವುದೇ ಇಲ್ಲ. ನಿಮ್ಮ ಹೆಸರೂ ಪಟ್ಟಿಯಲ್ಲಿರಲಿ: "ಮಾರ್ಚ್ 10: ಹಣಕಾಸು ವಿಭಾಗವು ಪ್ರತಿ ವಿಭಾಗಕ್ಕೂ ಅಂಕಿ ತುಂಬಿದ ಫಾರ್ಮ್ ಕಳಿಸುತ್ತದೆ." ನೀವೇ ಆ ದಿನ ತಪ್ಪಿಸಿದರೆ, ಉಳಿದ ಗಡುವುಗಳು ಅಷ್ಟೇ ದಿನ ಮುಂದಕ್ಕೆ ಹೋಗುತ್ತವೆ ಅಂತಲೂ ಬರೆಯಿರಿ. ಹಾಗೆ ಬರೆದ ವರ್ಷ ನಾನು ಒಂದು ದಿನವೂ ತಪ್ಪಿಸಲಿಲ್ಲ.

ತಾರೀಖು ಗಟ್ಟಿ ಮಾಡುವ ಮುಂಚೆ ಇನ್ನೆರಡು ನೋಡಿಕೊಳ್ಳಿ. ಒಂದು, ರಜೆಗಳು, ಲೆಕ್ಕ ಪರಿಶೋಧಕರು ಬರುವ ವಾರ, ಪ್ರತಿ ವಿಭಾಗದ ಅತಿ ಕೆಲಸದ ದಿನಗಳು. ಇದನ್ನು 14 ಜನರಿಗೂ ಫೆಬ್ರವರಿಯಲ್ಲೇ ಒಂದು ಸಾಲಿನ ಇಮೇಲ್‌ನಲ್ಲಿ ಕೇಳಿದರೆ ಸಾಕು. ಎರಡು, ವಾರದ ಯಾವ ದಿನ ಎಂಬುದು. ಶುಕ್ರವಾರ ಸಂಜೆ ಗಡುವು ಇಡಬೇಡಿ. ಹೆಚ್ಚಿನ ಪ್ರಶ್ನೆಗಳು ಬರುವುದು ಗಡುವಿನ ದಿನವೇ. ಆಗ ಉತ್ತರ ಹೇಳಲು ಕಚೇರಿಯಲ್ಲಿ ಯಾರಾದರೂ ಇರಬೇಕು. ಮಂಗಳವಾರ ಮಧ್ಯಾಹ್ನ 12 ಗಂಟೆ ನನಗೆ ಒಗ್ಗಿದ ಹೊತ್ತು. ಸೋಮವಾರ ಪೂರ್ತಿ ಪ್ರಶ್ನೆಗಳಿಗೆ ಸಿಗುತ್ತದೆ, ಮಂಗಳವಾರ ಮಧ್ಯಾಹ್ನದ ಮೇಲೆ ಬಂದಿಲ್ಲದವರಿಗೆ ಫೋನ್ ಮಾಡಬಹುದು.

ಇನ್ನು ಸೂಚನೆಯ ಮಾತು. 22 ಪುಟವನ್ನು ಯಾರೂ ಓದಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. ಓದುವ ರೀತಿಯೇ ಹಾಗೆ. ಮುಖ್ಯಸ್ಥರು ಮೊದಲ ಪುಟ ನೋಡುತ್ತಾರೆ, ಫಾರ್ಮ್ ತೆರೆಯುತ್ತಾರೆ, ಸಿಕ್ಕಿಹಾಕಿಕೊಂಡಾಗ ಮಾತ್ರ ಸೂಚನೆಗೆ ವಾಪಸ್ ಬರುತ್ತಾರೆ. ಆದ್ದರಿಂದ ಮೊದಲ ಪುಟದಲ್ಲೇ ಕೆಲಸ ಮುಗಿಯಬೇಕು. ಏನು ಕಳಿಸಬೇಕು, ಯಾವಾಗ, ಯಾರಿಗೆ, ಹೋದ ವರ್ಷಕ್ಕಿಂತ ಏನು ಬದಲಾಗಿದೆ, ಕಳಿಸದಿದ್ದರೆ ಏನಾಗುತ್ತದೆ. ಉಳಿದ ವಿವರವನ್ನು ಫಾರ್ಮಿನ ಸಾಲುಗಳ ಕ್ರಮದಲ್ಲೇ ಜೋಡಿಸಿ. ಏಳನೇ ಸಾಲಿನಲ್ಲಿ ಸಿಕ್ಕಿಕೊಂಡವರು ಏಳನೇ ಸೂಚನೆ ನೋಡಿದರೆ ಸಾಕು ಅನ್ನುವಂತೆ.

ಭಾಷೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಸುತ್ತೋಲೆ ಅಂದ ತಕ್ಷಣ ನಮ್ಮ ಕೈಗೆ ಒಂದು ಹಳೇ ಧಾಟಿ ಬಂದುಬಿಡುತ್ತದೆ. "ಎಲ್ಲಾ ವಿಭಾಗಗಳ ಮುಖ್ಯಸ್ಥರು ತಮ್ಮ ಅಂದಾಜುಗಳನ್ನು ವಾಸ್ತವಿಕವಾಗಿಯೂ ಮಿತವ್ಯಯದಿಂದಲೂ ತಯಾರಿಸಿ ನಿಗದಿತ ಅವಧಿಯೊಳಗೆ ಸಲ್ಲಿಸತಕ್ಕದ್ದು." ಇದನ್ನು ಓದಿದವರಿಗೆ ನಾಳೆ ಬೆಳಿಗ್ಗೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ವಾಸ್ತವಿಕ ಅಂದರೆ ಎಷ್ಟು? ಅವಧಿ ಯಾವುದು? ಅದರ ಬದಲು ಹೀಗೆ ಬರೆಯಿರಿ: "ಫಾರ್ಮ್ 2ನ್ನು ಏಪ್ರಿಲ್ 21, ಮಂಗಳವಾರ ಮಧ್ಯಾಹ್ನ 12ರ ಒಳಗೆ ಬಜೆಟ್ ವಿಭಾಗದ ಇಮೇಲ್‌ಗೆ ಕಳಿಸಿ. ಈ ವರ್ಷ ಮಂಜೂರಾದ ಮೊತ್ತದಿಂದ ಶುರು ಮಾಡಿ. ಬೆಲೆ ಏರಿಕೆಯನ್ನು ನೀವು ಸೇರಿಸಬೇಡಿ, ನಾವು ಸೇರಿಸುತ್ತೇವೆ." ಮೂರೂ ವಾಕ್ಯದಲ್ಲಿ ಯಾರು ಏನು ಮಾಡಬೇಕು ಅಂತ ಇದೆ.

ಆ ಬೆಲೆ ಏರಿಕೆಯ ಸಾಲು ಸುಮ್ನೆ ಹಾಕಿದ್ದಲ್ಲ. ಅದನ್ನು ಹೇಳದೆ ಬಿಟ್ಟರೆ ಏನಾಗುತ್ತದೆ ನೋಡಿ. ಒಂದು ವಿಭಾಗದವರು 100 ಇದ್ದದ್ದಕ್ಕೆ ಶೇಕಡಾ 6 ಸೇರಿಸಿ 106 ಬರೆಯುತ್ತಾರೆ. ನೀವು ಎಲ್ಲರಿಗೂ ಒಟ್ಟಿಗೆ ಶೇಕಡಾ 6 ಸೇರಿಸುತ್ತೀರಿ. ಅದು 112.36 ಆಗುತ್ತದೆ. ಪಕ್ಕದ ವಿಭಾಗದವರು ಏನೂ ಸೇರಿಸದೆ 100 ಬರೆದಿದ್ದರೆ ಅವರಿಗೆ 106. ಒಂದೇ ರೀತಿಯ ಖರ್ಚಿಗೆ ಎರಡು ಮೊತ್ತ. ಚರ್ಚೆಯಲ್ಲಿ ಇದು ಹೊರಬಂದರೆ ಇಬ್ಬರಿಗೂ ಫಾರ್ಮ್ ವಾಪಸ್. ಅಲ್ಲಿಗೆ ನಾಲ್ಕು ದಿನ ಹೋಯಿತು.

"ಯಾವ ಮೊತ್ತದಿಂದ ಶುರು ಮಾಡಬೇಕು" ಎಂಬುದೂ ಹಾಗೆಯೇ. ಮಂಜೂರಾದದ್ದು, ವರ್ಷದ ನಡುವೆ ಪರಿಷ್ಕರಿಸಿದ್ದು, ನಿಜವಾಗಿ ಖರ್ಚಾದದ್ದು, ಈ ಮೂರೂ ಬೇರೆ ಬೇರೆ. ನೀವು ಹೇಳದಿದ್ದರೆ ಪ್ರತಿಯೊಬ್ಬರೂ ತಮಗೆ ಅನುಕೂಲವಾದದ್ದನ್ನು ಹಿಡಿಯುತ್ತಾರೆ. ಅದರಲ್ಲಿ ಒಂದೇ ಸಲದ ಖರ್ಚನ್ನು ಕಳೆಯಲು ಹೇಳಿ. ಈ ವರ್ಷ ಒಂದು ಯಂತ್ರ ಕೊಂಡಿದ್ದರೆ ಆ ಮೊತ್ತ ಮುಂದಿನ ವರ್ಷದ ತಳಪಾಯದಲ್ಲಿ ಇರಬಾರದು. ಇದು ಸದ್ದಿಲ್ಲದೆ ಉಳಿದುಕೊಳ್ಳುವ ತಪ್ಪು, ನಾಲ್ಕೈದು ವರ್ಷ ಯಾರ ಕಣ್ಣಿಗೂ ಬೀಳುವುದಿಲ್ಲ.

ಸಂಬಳವನ್ನು ವಿಭಾಗದವರಿಂದ ಲೆಕ್ಕ ಹಾಕಿಸಲೇಬೇಡಿ. ಹೆಚ್ಚಿನ ಸಂಸ್ಥೆಗಳಲ್ಲಿ ಬಜೆಟ್ಟಿನ ದೊಡ್ಡ ಪಾಲು ಅದೇ. ಬಡ್ತಿ, ಭತ್ಯೆ, ಖಾಲಿ ಹುದ್ದೆ, ನಿವೃತ್ತಿ, ಎಲ್ಲವನ್ನೂ 14 ಜನ 14 ರೀತಿಯಲ್ಲಿ ಲೆಕ್ಕ ಹಾಕುತ್ತಾರೆ. ನೀವೇ ಹುದ್ದೆಗಳ ಪಟ್ಟಿ ತೆಗೆದು, ಮೊತ್ತ ಹಾಕಿ, ಅವರಿಗೆ ಕಳಿಸಿ. ಅವರು ಮಾಡಬೇಕಾದದ್ದು ಇಷ್ಟೇ: ಈ ಜನ ನಮ್ಮಲ್ಲಿದ್ದಾರಾ, ಯಾವ ಹುದ್ದೆ ಖಾಲಿ ಇದೆ, ಯಾರು ಹೊರಡುವವರಿದ್ದಾರೆ ಅಂತ ನೋಡಿ ಹೇಳುವುದು. ಸಂಬಳ ಏರಿಕೆ ಇನ್ನೂ ತೀರ್ಮಾನ ಆಗಿಲ್ಲ ಅಂದರೂ ಸುತ್ತೋಲೆ ತಡ ಮಾಡಬೇಡಿ. ಸದ್ಯಕ್ಕೆ ಒಂದು ಅಂಕಿ ಹಾಕಿ, "ಇದು ಬದಲಾದರೆ ನಾವೇ ಎಲ್ಲ ವಿಭಾಗಗಳಿಗೂ ಬದಲಿಸುತ್ತೇವೆ, ನೀವು ಮತ್ತೆ ಕಳಿಸಬೇಕಿಲ್ಲ" ಅಂತ ಬರೆಯಿರಿ. ಈ ಒಂದು ವಾಕ್ಯ ಎಷ್ಟೋ ಜನರ ಕಾಯುವಿಕೆಯನ್ನು ನಿಲ್ಲಿಸುತ್ತದೆ.

ಫಾರ್ಮನ್ನು ಖಾಲಿ ಕೊಡಬೇಡಿ. ಹಿಂದಿನ ಎರಡು ವರ್ಷದ ನಿಜ ಖರ್ಚು, ಈ ವರ್ಷದ ಮಂಜೂರಾತಿ, ಈವರೆಗಿನ ಖರ್ಚು, ಇವನ್ನು ನೀವೇ ತುಂಬಿ ಆ ಕಾಲಂಗಳನ್ನು ಲಾಕ್ ಮಾಡಿ. ಅವರು ತುಂಬುವ ಕಾಲಂ ಒಂದೇ ಇರಲಿ. ಏನೂ ಬೇಡದ ಸಾಲಿನಲ್ಲಿ 0 ಬರೆಯಲು ಹೇಳಿ. ಖಾಲಿ ಬಿಟ್ಟ ಸಾಲು ಬೇಡ ಅಂತಲೋ, ಮರೆತದ್ದೋ, ನಿಮಗೆ ಗೊತ್ತಾಗುವುದಿಲ್ಲ. ಸಾರಾಂಶದ ಹಾಳೆಗೂ ವಿವರದ ಹಾಳೆಗೂ ತಾಳೆ ನೋಡುವ ಒಂದು ಸಣ್ಣ ಸೂತ್ರವನ್ನು ಮೇಲ್ಗಡೆಯೇ ಹಾಕಿಡಿ. ಸಾರಾಂಶದ ಒಟ್ಟು ಮೊತ್ತ C12ರಲ್ಲಿ, ವಿವರದ ಒಟ್ಟು ಮೊತ್ತ F60ರಲ್ಲಿ ಇದ್ದರೆ ಹೀಗೆ:

```
=IF(ROUND(Summary!C12-Detail!F60,0)=0,"ಸರಿ","ತಾಳೆ ಇಲ್ಲ")
```

"ಸರಿ" ಅಂತ ಬರದೆ ಕಳಿಸಬೇಡಿ ಅಂತ ಸೂಚನೆಯಲ್ಲಿ ಬರೆದರೆ, ಕೂಡಿಸುವ ತಪ್ಪುಗಳು ಅವರ ಮೇಜಿನ ಮೇಲೇ ಸರಿಯಾಗುತ್ತವೆ.

ನಡೆಯುತ್ತಿರುವ ಕೆಲಸದ ಖರ್ಚು ಮತ್ತು ಹೊಸ ಬೇಡಿಕೆ, ಇವೆರಡನ್ನೂ ಬೇರೆ ಹಾಳೆಯಲ್ಲಿ ಕೇಳಿ. ಕೂಡಿಸಿ ಕೇಳಿದರೆ ಹೊಸದು ಹಳೆಯದರೊಳಗೆ ಅಡಗಿಬಿಡುತ್ತದೆ. ಹೊಸ ಬೇಡಿಕೆಯ ಹಾಳೆಯಲ್ಲಿ ಮೊದಲ ವರ್ಷದ ಮೊತ್ತದ ಪಕ್ಕ ಮುಂದಿನ ಪ್ರತಿ ವರ್ಷ ಬೇಕಾಗುವ ಮೊತ್ತವನ್ನೂ ಕೇಳಿ. ಯಂತ್ರ ಒಂದು ಸಲ ಕೊಂಡರೆ ಮುಗಿಯಿತು, ಅದರ ನಿರ್ವಹಣೆ ವರ್ಷವೂ ಇರುತ್ತದೆ. ಬೇಡಿಕೆಗಳಿಗೆ 1, 2, 3 ಅಂತ ಕ್ರಮ ಹಾಕಿಸಿ. ಎರಡಕ್ಕೂ 1 ಅಂತ ಬರೆದರೆ ವಾಪಸ್ ಕಳಿಸಿ.

ಮಿತಿ ಹೇಳಬೇಕಾ ಬೇಡವಾ ಎಂಬುದು ಹಳೇ ಚರ್ಚೆ. ಹೇಳಿದರೆ ಪ್ರತಿ ವಿಭಾಗವೂ ಮಿತಿಯ ಅಂಚಿನವರೆಗೆ ತುಂಬಿಸುತ್ತದೆ. ಹೇಳದಿದ್ದರೆ ಆಸೆಗಳ ಪಟ್ಟಿ ಬರುತ್ತದೆ, ನೀವು ಕತ್ತರಿಸುತ್ತಾ ಕೂರಬೇಕಾಗುತ್ತದೆ. ನನ್ನ ಅನುಭವದಲ್ಲಿ ನಡೆಯುತ್ತಿರುವ ಕೆಲಸಕ್ಕೆ ಮಿತಿ ಹೇಳುವುದು ಒಳ್ಳೆಯದು. ಹೊಸ ಬೇಡಿಕೆಗೆ ಮೊತ್ತದ ಮಿತಿ ಬೇಡ, ಸಂಖ್ಯೆಯ ಮಿತಿ ಇರಲಿ, ವಿಭಾಗಕ್ಕೆ ಮೂರು ಅಂತ. ಆದರೆ ಮಿತಿ ಸುತ್ತೋಲೆಯ ಜೊತೆಗೇ ಹೋಗಬೇಕು. ನಡುವೆ ಹೇಳಿದರೆ ಅದುವರೆಗೆ ಮಾಡಿದ್ದೆಲ್ಲ ಮತ್ತೆ ಮಾಡಬೇಕಾಗುತ್ತದೆ. ಮಾರ್ಚ್ 10ಕ್ಕೆ ಮಿತಿ ತೀರ್ಮಾನ ಆಗಿಲ್ಲವಾದರೆ, ಈ ವರ್ಷಕ್ಕೆ ಅದನ್ನು ಕೈಬಿಡಿ.

ಸುತ್ತೋಲೆ ಹೊರಟ ಮೇಲೆ ಫಾರ್ಮನ್ನು ಮುಟ್ಟಬೇಡಿ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಒಂದು ವರ್ಷ ಮೂರನೇ ವಾರದಲ್ಲಿ ಒಂದು ಖಾತೆ ಬಿಟ್ಟುಹೋಗಿದ್ದು ನೆನಪಾಯಿತು. ಒಂದು ಸಾಲು ಸೇರಿಸಿ ಹೊಸ ಫಾರ್ಮ್ ಕಳಿಸಿದೆ. ಅರ್ಧ ಜನ ಹಳೆಯದರಲ್ಲಿ, ಅರ್ಧ ಜನ ಹೊಸದರಲ್ಲಿ ಕಳಿಸಿದರು. ಎಲ್ಲವನ್ನೂ ಕೂಡಿಸುವ ನನ್ನ ಹಾಳೆ ಸಾಲಿನ ಸಂಖ್ಯೆ ನೋಡಿ ಎತ್ತಿಕೊಳ್ಳುತ್ತಿತ್ತು. ಹಾಗಾಗಿ ಹಳೆಯ ಫಾರ್ಮಿನವರ ಪ್ರಯಾಣದ ಖರ್ಚು ತರಬೇತಿಯಲ್ಲಿ ಬಂದು ಕೂತಿತು. ಒಟ್ಟು ಮೊತ್ತ ಸರಿಯಾಗಿಯೇ ಕಾಣುತ್ತಿದ್ದರಿಂದ ಸಭೆಗೆ ಎರಡು ದಿನ ಇರುವವರೆಗೂ ಗೊತ್ತಾಗಲಿಲ್ಲ. ಆಮೇಲಿಂದ ಕೂಡಿಸುವ ಹಾಳೆ ಖಾತೆ ಸಂಖ್ಯೆ ನೋಡಿ ಎತ್ತಿಕೊಳ್ಳುವಂತೆ ಮಾಡಿದ್ದೇನೆ. ಪ್ರತಿ ಫಾರ್ಮಿನ ಕೊನೆಗೆ "ಇತರೆ" ಅಂತ ಐದು ಖಾಲಿ ಸಾಲು ಬಿಡುತ್ತೇನೆ. ಸೂಚನೆಯಲ್ಲಿ ತಪ್ಪು ಸಿಕ್ಕರೆ "ತಿದ್ದುಪಡಿ 1" ಅಂತ ಸಂಖ್ಯೆ ಹಾಕಿ, ಯಾರು ಏನು ಮತ್ತೆ ಮಾಡಬೇಕು, ಯಾರು ಏನೂ ಮಾಡಬೇಕಿಲ್ಲ ಅಂತ ಸ್ಪಷ್ಟವಾಗಿ ಬರೆದು ಕಳಿಸುತ್ತೇನೆ.

ಅರ್ಧಂಬರ್ಧ ಬಂದ ಮೂರರ ಬಗ್ಗೆ ಹೇಳಿದಿರಲ್ಲ, ಅಲ್ಲಿ ಸಮಸ್ಯೆ "ಕಳಿಸಿದ್ದು" ಎಂಬ ಮಾತಿನದು. ಅವರ ಮಟ್ಟಿಗೆ ಅವರು ಕಳಿಸಿದ್ದಾರೆ. ಸುತ್ತೋಲೆಯಲ್ಲಿ ಎರಡು ಪದಗಳನ್ನು ಬೇರೆ ಮಾಡಿ: "ಬಂದಿದೆ" ಮತ್ತು "ಸ್ವೀಕರಿಸಿದೆ". ಎಲ್ಲ ಹಾಳೆ ಇದೆಯೇ, ತಾಳೆ "ಸರಿ" ಇದೆಯೇ, ಹೊಸ ಬೇಡಿಕೆಗೆ ಕ್ರಮ ಹಾಕಿದೆಯೇ, ಮುಖ್ಯಸ್ಥರ ಸಹಿ ಇದೆಯೇ. ಈ ನಾಲ್ಕನ್ನು ನೋಡಲು ಹತ್ತು ನಿಮಿಷ ಸಾಕು. ಬಂದ ದಿನವೇ ನೋಡಿ, ಎರಡು ದಿನದೊಳಗೆ "ಸ್ವೀಕರಿಸಿದೆ" ಅಂತಲೋ, "ಇದು ಬಾಕಿ ಇದೆ" ಅಂತಲೋ ಉತ್ತರ ಕೊಡಿ. ಮೊತ್ತ ಸರಿಯೇ ಎಂಬುದು ಆಮೇಲಿನ ಮಾತು. 14 ಸಾಲಿನ ಒಂದು ಪಟ್ಟಿ ಮಾಡಿ, ಮೊದಲ ವಾರದಿಂದಲೇ ಎಲ್ಲರಿಗೂ ಕಳಿಸುತ್ತಾ ಬನ್ನಿ. ಕೊನೆಗೆ ತಡ ಮಾಡಿದವರ ಹೆಸರು ಮಾತ್ರ ಹಾಕಿ ಕಳಿಸಿದರೆ ಅದು ಅವಮಾನ ಅನಿಸುತ್ತದೆ. ಮೊದಲಿನಿಂದಲೂ ಎಲ್ಲರ ಹೆಸರೂ ಇದ್ದರೆ ಅದು ಬರೀ ಮಾಹಿತಿ.

ಆದರೂ ಕಳಿಸದಿದ್ದರೆ? ಇಲ್ಲಿ ಆಯ್ಕೆಗಳಿವೆ, ಪ್ರತಿಯೊಂದಕ್ಕೂ ತೊಂದರೆಯೂ ಇದೆ. ಕೆಲವರು ತಡ ಮಾಡಿದ ವಿಭಾಗದ ಮೊತ್ತ ಕಡಿತ ಮಾಡುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ತಪ್ಪು ಮಾಡಿದ್ದು ಮುಖ್ಯಸ್ಥರು, ಕಷ್ಟಪಡುವುದು ಆ ವಿಭಾಗದ ಕೆಲಸ ನಂಬಿಕೊಂಡವರು. ಎರಡನೆಯದು, ಈ ವರ್ಷದ ಮೊತ್ತವನ್ನೇ ಮುಂದುವರಿಸಿ, ಹೊಸ ಬೇಡಿಕೆಯನ್ನು ಪರಿಗಣಿಸದೆ ಇರುವುದು. ಇದು ನ್ಯಾಯವಾದ ದಾರಿ. ಆದರೆ ಒಪ್ಪಂದದ ಪ್ರಕಾರ ಏರಲೇಬೇಕಾದ ಖರ್ಚು, ಬಾಡಿಗೆ, ವಾರ್ಷಿಕ ಶುಲ್ಕ ಇಂಥವು ಕಡಿಮೆ ಬಿದ್ದು, ವರ್ಷದ ನಡುವೆ ಹೆಚ್ಚುವರಿ ಕೇಳಿಕೊಂಡು ಬರುತ್ತಾರೆ. ಒಪ್ಪಂದಗಳ ಪಟ್ಟಿ ನಿಮ್ಮ ಬಳಿಯೇ ಇರುವುದರಿಂದ ಅವನ್ನು ನೀವೇ ಸೇರಿಸಿಕೊಳ್ಳಿ. ಹೊಸದೇನೂ ಬೇಡದ ಕೆಲವರು "ಹಾಗಾದರೆ ಕಳಿಸದಿದ್ದರೂ ಆಯಿತು" ಅಂದುಕೊಳ್ಳುವ ಅಪಾಯವೂ ಇದೆ. ಅದಕ್ಕೆ, ಬೇಡಿಕೆ ಇಲ್ಲದೆ ಮುಂದುವರಿಸಿದ ವಿಭಾಗಗಳ ಹೆಸರನ್ನು ಮಂಡಳಿಗೆ ಹೋಗುವ ಟಿಪ್ಪಣಿಯಲ್ಲಿ ಒಂದು ಸಾಲಿನಲ್ಲಿ ಬರೆಯಲಾಗುತ್ತದೆ ಅಂತ ಸುತ್ತೋಲೆಯಲ್ಲೇ ಹೇಳಿ.

ಹೆಚ್ಚು ಸಮಯ ಕೊಡುವುದನ್ನು ಪೂರ್ತಿ ನಿಲ್ಲಿಸಲು ಆಗುವುದಿಲ್ಲ. ಕಾಯಿಲೆ, ಸಾವು ನೋವು ಯಾರ ಮನೆಯಲ್ಲಾದರೂ ಇರುತ್ತದೆ. ನಿಯಮ ಮಾತ್ರ ಮೊದಲೇ ಗೊತ್ತಿರಲಿ: ಗಡುವಿಗೆ ಮೂರು ದಿನ ಮುಂಚೆ ಬರೆದು ಕೇಳಬೇಕು, ಹೆಚ್ಚೆಂದರೆ ಮೂರು ಕೆಲಸದ ದಿನ ಸಿಗುತ್ತದೆ, ಚರ್ಚೆಯ ಸರದಿ ಕೊನೆಗೆ ಹೋಗುತ್ತದೆ. ತುರ್ತು ಇದ್ದರೆ ಅದು ಬೇರೆ ಮಾತು, ಮನುಷ್ಯರಾಗಿ ನೋಡಿ.

ಇದೆಲ್ಲಕ್ಕೂ ಸಹಿ ಸಂಸ್ಥೆಯ ಮುಖ್ಯಸ್ಥರದ್ದಾಗಿರಬೇಕು, ನಿಮ್ಮದಲ್ಲ. ಗಡುವು ತಪ್ಪಿದರೆ ಏನಾಗುತ್ತದೆ ಅಂತ ಹಣಕಾಸು ವಿಭಾಗದವರು ಬರೆದರೆ, ವಿಭಾಗದ ಮುಖ್ಯಸ್ಥರು ಮೇಲಿನವರಿಂದ ಒಂದು ಫೋನ್ ಮಾಡಿಸಿ ಅದನ್ನು ಬದಲಿಸಬಹುದು. ಮೇಲಿನವರೇ ಸಹಿ ಹಾಕಿದ್ದರೆ ಆ ಫೋನ್ ಬರುವುದು ಕಡಿಮೆ. ಸಹಿಗೆ ಹೋಗುವ ಮುಂಚೆ ಆ ಒಂದು ಸಾಲನ್ನು ಅವರಿಗೆ ಓದಿ ಹೇಳಿ, "ಇದನ್ನು ನಡೆಸಿಕೊಡುತ್ತೀರಾ?" ಅಂತ ಕೇಳಿ. ಅನುಮಾನ ಬಂದರೆ ಆ ಸಾಲನ್ನು ತೆಗೆದುಬಿಡಿ. ನಡೆಸದ ಎಚ್ಚರಿಕೆ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ.

ಕಳಿಸುವ ಮುಂಚೆ ಕರಡನ್ನು ಇಬ್ಬರಿಗೆ ಕೊಟ್ಟು ನೋಡಿ. ಒಬ್ಬರು ಹೊಸದಾಗಿ ಮುಖ್ಯಸ್ಥರಾದವರು, ಇನ್ನೊಬ್ಬರು ಹೋದ ವರ್ಷ ಅತಿ ತಡ ಮಾಡಿದವರು. ಫೆಬ್ರವರಿ 24ರ ವಾರದಲ್ಲಿ ಅವರ ಪಕ್ಕ ಕೂತು, ಮೊದಲ ಪುಟ ಓದಿಸಿ, ಫಾರ್ಮ್ ತುಂಬಿಸಿ. ನೀವು ಮಾತಾಡಬೇಡಿ. ಅವರು ಎಲ್ಲಿ ನಿಲ್ಲುತ್ತಾರೆ, ಎಲ್ಲಿ ನಿಮ್ಮ ಮುಖ ನೋಡುತ್ತಾರೆ ಅಂತ ಗುರುತು ಹಾಕಿಕೊಳ್ಳಿ. ಸೂಚನೆ ಬದಲಿಸಬೇಕಾದದ್ದು ಅಲ್ಲೇ.

ಮಾರ್ಚ್ 10ರ ನಂತರದ ಮೊದಲ ವಾರದಲ್ಲಿ ಮುಕ್ಕಾಲು ಗಂಟೆಯ ಒಂದು ಸಭೆ ಕರೆಯಿರಿ. ಸುತ್ತೋಲೆ ಓದಬೇಡಿ. ಒಂದು ಫಾರ್ಮನ್ನು ಎಲ್ಲರ ಎದುರು ತುಂಬಿ ತೋರಿಸಿ. ಅಲ್ಲಿ ಬಂದ ಪ್ರಶ್ನೆ, ಆಮೇಲೆ ಫೋನಿನಲ್ಲಿ ಬಂದ ಪ್ರಶ್ನೆ, ಎಲ್ಲದರ ಉತ್ತರವನ್ನೂ ಬರೆದು 14 ಜನರಿಗೂ ಕಳಿಸಿ. ಒಬ್ಬರಿಗೆ ಮಾತ್ರ ಬಾಯಲ್ಲಿ ಹೇಳಿದ ಉತ್ತರವನ್ನು ಇನ್ನೊಬ್ಬರು ಬೇರೆ ರೀತಿ ಕೇಳಿಸಿಕೊಂಡಿರುತ್ತಾರೆ.

ನಿಮ್ಮಲ್ಲಿ ಈಗಾಗಲೇ ಮಾರ್ಚ್ ಕೊನೆ ಬಂದಿದ್ದು, ಇಷ್ಟು ವಾರಗಳು ಕೈಯಲ್ಲಿ ಇಲ್ಲವೆನ್ನಿ. ಆಗ ಎಲ್ಲಿ ಕತ್ತರಿಸಬೇಕು? ಒಂದು ಪುಟದ ಮೊದಲ ಗಡುವನ್ನಂತೂ ತೆಗೆಯಬೇಡಿ, ಕಾಯುವಿಕೆ ಮತ್ತೆ ಅಲ್ಲಿಂದಲೇ ಶುರುವಾಗುತ್ತದೆ. ಚರ್ಚೆಯನ್ನು ಕಡಿಮೆ ಮಾಡಿ. ಹೊಸ ಬೇಡಿಕೆ ಇರುವ ವಿಭಾಗಗಳನ್ನು ಮಾತ್ರ ಕರೆಯಿರಿ, ಉಳಿದವರಿಗೆ ಬರವಣಿಗೆಯಲ್ಲಿ ಮುಗಿಸಿ. 14ರಲ್ಲಿ ಆರೇ ವಿಭಾಗ ಇದ್ದರೆ ಎರಡು ದಿನದಲ್ಲಿ ಚರ್ಚೆ ಮುಗಿಯುತ್ತದೆ, ಮೂರು ದಿನ ಉಳಿಯುತ್ತದೆ. ಪರಿಶೀಲನೆಯನ್ನೂ ಗಡುವಿಗೆ ಕಾಯದೆ, ಬಂದ ಬಂದ ಹಾಗೆ ಶುರು ಮಾಡಿ. ಕಾದಿಟ್ಟ ವಾರವನ್ನು ಮೂರು ದಿನಕ್ಕೆ ಇಳಿಸಬಹುದು. ಅದಕ್ಕಿಂತ ಕಡಿಮೆ ಮಾಡಬೇಡಿ, ಹೆಚ್ಚು ಸಮಯ ಕೇಳಿದವರಿಗೆ ಕೊಡಬೇಕಾದ ಮೂರು ದಿನವೂ ಅಲ್ಲೇ ಇರುವುದು.